ನಡೆದೇ ಇಲ್ಲ ಎನ್ನುವವರ ಎದುರು ನಿಲ್ಲುವ ಟಿಪ್ಪಣಿ

ಒಬ್ಬರು ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಇನ್ನೊಬ್ಬರು ಪದೇ ಪದೇ ಅಲ್ಲಗಳೆಯುತ್ತ ಹೋಗಿ, ಕಂಡವರಿಗೆ ತಮ್ಮ ನೆನಪಿನ ಮೇಲೆಯೇ ನಂಬಿಕೆ ಹೋಗುವಂತೆ ಮಾಡುವುದಕ್ಕೆ ಗ್ಯಾಸ್‌ಲೈಟಿಂಗ್ ಎಂಬ ಹೆಸರಿದೆ. ಸಾಮಾನ್ಯ ಸುಳ್ಳಿಗೂ ಇದಕ್ಕೂ ವ್ಯತ್ಯಾಸವಿದೆ. ಸುಳ್ಳು ಹೇಳುವವರು ವಿಷಯ ಗೊತ್ತಿಲ್ಲದವರನ್ನು ನಂಬಿಸಲು ನೋಡುತ್ತಾರೆ. ಗ್ಯಾಸ್‌ಲೈಟಿಂಗ್ ಮಾಡುವವರು ವಿಷಯ ಚೆನ್ನಾಗಿ ಗೊತ್ತಿರುವವರನ್ನೇ, ಅಂದರೆ ಅದನ್ನು ಅನುಭವಿಸಿದವರನ್ನೇ, ‘ನನಗೇ ಏನೋ ತಪ್ಪು ತಿಳಿವಳಿಕೆ ಆಗಿರಬೇಕು’ ಎನ್ನುವ ಹಂತಕ್ಕೆ ತಳ್ಳುತ್ತಾರೆ. ಆ ಹಂತ ಮುಟ್ಟಿದವರು ದೂರು ಕೊಡುವುದಿಲ್ಲ. ಕೊಟ್ಟರೂ ಎರಡನೇ ಪ್ರಶ್ನೆಗೆ ತಡವರಿಸುತ್ತಾರೆ. ದಬ್ಬಾಳಿಕೆ ನಡೆಸುವವರಿಗೆ ಬೇಕಾಗಿರುವುದೂ ಅದೇ.

ಈ ಹೆಸರಿನ ಮೂಲ ಒಂದು ಇಂಗ್ಲಿಷ್ ನಾಟಕ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ‘ಗ್ಯಾಸ್ ಲೈಟ್’ 1938ರಲ್ಲಿ ರಂಗಕ್ಕೆ ಬಂತು. 1944ರಲ್ಲಿ ಜಾರ್ಜ್ ಕ್ಯೂಕರ್ ಅದನ್ನು ಹಾಲಿವುಡ್ ಚಿತ್ರವಾಗಿಸಿದರು, ಇನ್‌ಗ್ರಿಡ್ ಬರ್ಗ್‌ಮನ್ ನಾಯಕಿ. ಕಥೆಯಲ್ಲಿ ಗಂಡ ಮನೆಯ ಸಾಮಾನುಗಳನ್ನು ತಾನೇ ಬಚ್ಚಿಟ್ಟು, ಹೆಂಡತಿಯೇ ಎಲ್ಲೋ ಇಟ್ಟು ಮರೆತಳೆಂದು ಬೈಯುತ್ತಾನೆ. ರಾತ್ರಿ ಹೊರಗೆ ಹೋಗುವಂತೆ ನಟಿಸಿ ಮಹಡಿಗೆ ಹೋಗಿ ದೀಪ ಹಚ್ಚುತ್ತಾನೆ. ಆಗ ಕೆಳಗಿನ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿ ಅದನ್ನು ಗಮನಿಸುತ್ತಾಳೆ, ಆದರೆ ತನಗೆ ಹುಚ್ಚು ಹಿಡಿಯುತ್ತಿದೆಯೇನೋ ಎಂದು ಹೆದರುತ್ತಾಳೆ. ಹೊರಗಿನಿಂದ ಬಂದ ಪೊಲೀಸ್ ಅಧಿಕಾರಿಯೊಬ್ಬನಿಗೂ ದೀಪದ ಬದಲಾವಣೆ ಕಂಡಾಗ ಗಂಡನ ಆಟ ಮುರಿಯುತ್ತದೆ. ದೀಪ ಮಂಕಾಯಿತೆಂಬುದು ಒಂದು ಪುಟ್ಟ ಸಂಗತಿ, ಆದರೆ ಮತ್ತೊಬ್ಬರು ಪರೀಕ್ಷಿಸಿ ನೋಡಬಹುದಾದ ಸಂಗತಿ. ಮುಂದೆ ವಿವರಿಸುವ ಟಿಪ್ಪಣಿ ಹುಡುಕುವುದು ಇಂಥ ಸಂಗತಿಗಳನ್ನೇ.

ಬುದ್ಧಿವಂತರೂ ಗಟ್ಟಿ ಮನಸ್ಸಿನವರೂ ಈ ಬಲೆಗೆ ಬೀಳುವುದೇಕೆ? ಕಾರಣ ನೆನಪಿನ ಸ್ವಭಾವದಲ್ಲಿದೆ. ಪ್ರತಿ ಸಲ ನೆನೆಸಿಕೊಂಡಾಗಲೂ ಮನಸ್ಸು ಘಟನೆಯನ್ನು ಹೊಸದಾಗಿ ಜೋಡಿಸಿಕೊಳ್ಳುತ್ತದೆ, ಜೋಡಿಸುವಾಗ ಆಮೇಲೆ ಕಿವಿಗೆ ಬಿದ್ದ ಮಾತುಗಳೂ ಒಳಗೆ ಸೇರುತ್ತವೆ. ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಕಾರುಗಳ ಅಪಘಾತದ ಚಿತ್ರ ನೋಡಿದವರಲ್ಲಿ ಒಂದು ಗುಂಪಿಗೆ ಕಾರುಗಳು ‘ತಾಗಿದಾಗ’ ಎಷ್ಟು ವೇಗದಲ್ಲಿದ್ದವು ಎಂದೂ, ಇನ್ನೊಂದು ಗುಂಪಿಗೆ ‘ಅಪ್ಪಳಿಸಿದಾಗ’ ಎಷ್ಟು ವೇಗದಲ್ಲಿದ್ದವು ಎಂದೂ ಕೇಳಿದರು. ವಾರದ ನಂತರ, ಒಡೆದ ಗಾಜು ಕಂಡಿತ್ತೇ ಎಂಬ ಪ್ರಶ್ನೆಗೆ ಎರಡನೇ ಗುಂಪಿನ 50 ಮಂದಿಯಲ್ಲಿ 16 ಮಂದಿ ಹೌದೆಂದರು. ಮೊದಲ ಗುಂಪಿನ 50ರಲ್ಲಿ ಹಾಗೆಂದವರು 7 ಮಂದಿ. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಅಪರಿಚಿತರು ಕೇಳಿದ ಪ್ರಶ್ನೆಯ ಒಂದೇ ಪದ ಇಷ್ಟು ಮಾಡುವುದಾದರೆ, ಸಂಬಳ ಕೊಡುವ ಮೇಲಧಿಕಾರಿ ವಾರಕ್ಕೆರಡು ಸಲ ‘ನಾನು ಹಾಗೆ ಹೇಳೇ ಇಲ್ಲ’ ಎಂದು ಅಳುಕಿಲ್ಲದೆ ಹೇಳುವುದು ಎಷ್ಟು ಮಾಡೀತು ಎಂದು ಊಹಿಸಬಹುದು. ತನ್ನ ನೆನಪು ತಪ್ಪಿರಬಹುದೆಂದು ಒಪ್ಪಿಕೊಳ್ಳುವ ಪ್ರಾಮಾಣಿಕರಿಗೇ ಈ ಪೆಟ್ಟು ಜೋರಾಗಿ ಬೀಳುತ್ತದೆ.

ನಿರಾಕರಣೆ ಯಾವಾಗಲೂ ಒಂದೇ ರೂಪದಲ್ಲಿ ಬರುವುದಿಲ್ಲ. ಮೊದಲು ನೇರವಾಗಿ ‘ಅಂಥದ್ದೇನೂ ಆಗಿಲ್ಲ’ ಎನ್ನುತ್ತಾರೆ. ಅದು ನಿಲ್ಲದಿದ್ದರೆ ‘ಆಗಿತ್ತು, ಆದರೆ ನೀವು ಹೇಳುವಷ್ಟು ದೊಡ್ಡದಲ್ಲ’ ಎಂದೋ ‘ತಮಾಷೆಗೆ ಅಂದದ್ದಪ್ಪ’ ಎಂದೋ ಸಣ್ಣದು ಮಾಡುತ್ತಾರೆ. ಅದೂ ಸಾಗದಿದ್ದಾಗ ಗುರಿ ದೂರಿನಿಂದ ದೂರು ಕೊಟ್ಟವರ ಕಡೆಗೆ ತಿರುಗುತ್ತದೆ: ಅವರು ಅತಿ ಸೂಕ್ಷ್ಮ, ಅವರಿಗೆ ಮನೆಯಲ್ಲಿ ತೊಂದರೆ ಇದೆ, ಅವರ ಕೆಲಸವೇ ಸರಿ ಇಲ್ಲ. ಕೊನೆಗೆ ‘ನಿಜವಾಗಿ ಕಿರುಕುಳ ಅನುಭವಿಸುತ್ತಿರುವವನು ನಾನು’ ಎಂಬ ಮಾತೂ ಬರುತ್ತದೆ. ಅಲ್ಲಗಳೆಯುವುದು, ತಿರುಗಿ ಬೀಳುವುದು, ತಪ್ಪಿತಸ್ಥನೇ ನೊಂದವನ ಜಾಗದಲ್ಲಿ ಕೂರುವುದು, ಈ ಸರಣಿಯನ್ನು ಅಮೆರಿಕದ ಮನೋವಿಜ್ಞಾನಿ ಜೆನಿಫರ್ ಫ್ರೈಡ್ 1997ರಲ್ಲಿ ಗುರುತಿಸಿ ‘ಡಾರ್ವೋ’ ಎಂಬ ಸಂಕ್ಷಿಪ್ತ ಹೆಸರಿಟ್ಟರು. ಟಿಪ್ಪಣಿ ಬರೆಯುವವರು ಈ ಎಲ್ಲ ರೂಪಗಳನ್ನೂ ತಿಳಿದಿರಬೇಕು. ಒಂದಕ್ಕೆ ಉತ್ತರವಾಗುವ ದಾಖಲೆ ಇನ್ನೊಂದಕ್ಕೆ ಉತ್ತರವಾಗದು.

ಇಲ್ಲೊಂದು ಎಚ್ಚರಿಕೆಯೂ ಬೇಕು. ಮಾತು ಮರೆತವರೆಲ್ಲ ಗ್ಯಾಸ್‌ಲೈಟಿಂಗ್ ಮಾಡುತ್ತಿರುವುದಿಲ್ಲ. ದಿನಕ್ಕೆ ಹತ್ತು ಮಂದಿಗೆ ಕೆಲಸ ಹೇಳುವ ಮ್ಯಾನೇಜರ್ ನಿಜವಾಗಿಯೂ ಮರೆಯಬಹುದು. ಇಬ್ಬರ ನಡುವಿನ ವ್ಯತ್ಯಾಸ ಒಂದೇ ಘಟನೆಯಲ್ಲಿ ಕಾಣುವುದಿಲ್ಲ, ಹಲವು ಘಟನೆಗಳನ್ನು ಸಾಲಾಗಿ ಇಟ್ಟಾಗ ಕಾಣುತ್ತದೆ. ಮರೆಯುವವರ ಮರೆವು ಎಲ್ಲ ದಿಕ್ಕಿಗೂ ಹರಡಿರುತ್ತದೆ, ಕೆಲವೊಮ್ಮೆ ಅವರಿಗೇ ನಷ್ಟ ತರುತ್ತದೆ. ಅಂದಿನ ಮೇಲ್ ತೋರಿಸಿದರೆ ‘ಓ, ಹೌದಲ್ಲ’ ಎಂದು ತಿದ್ದಿಕೊಳ್ಳುತ್ತಾರೆ. ದಬ್ಬಾಳಿಕೆಯವರ ಮರೆವು ಪ್ರತಿ ಸಲವೂ ಅವರಿಗೇ ಅನುಕೂಲವಾಗಿರುತ್ತದೆ, ಬಾಯಿಮಾತಿನ ಆದೇಶಗಳಲ್ಲಷ್ಟೇ ಇರುತ್ತದೆ, ದಾಖಲೆ ತೋರಿಸಿದರೆ ಸಿಟ್ಟು ಬರುತ್ತದೆ. ಹಾಗಾಗಿ ಟಿಪ್ಪಣಿಯ ಮೊದಲ ಓದುಗರು ವಿಚಾರಣಾ ಸಮಿತಿಯವರಲ್ಲ, ಬರೆದವರೇ. ಆರು ವಾರದ ಪುಟಗಳನ್ನು ಒಟ್ಟಿಗೆ ಓದಿದಾಗ ಅನುಮಾನ ಸರಿಯೋ ತಪ್ಪೋ ಎಂಬುದು ಅವರಿಗೇ ತಿಳಿಯುತ್ತದೆ. ತಪ್ಪೆಂದು ತಿಳಿದರೂ ಅದು ನೆಮ್ಮದಿಯೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ನೋಡುವುದು ಅನುಕೂಲ. ಒಂದು ಸಗಟು ಬಟ್ಟೆ ವ್ಯಾಪಾರದ ಸಂಸ್ಥೆ. ಅದರ ಲೆಕ್ಕಪತ್ರ ವಿಭಾಗದಲ್ಲಿ ಒಬ್ಬ ಸಹಾಯಕಿ, ಅವರ ಮೇಲೆ ಒಬ್ಬ ಮ್ಯಾನೇಜರ್. ಮಂಗಳವಾರ ಮ್ಯಾನೇಜರ್ ಮೇಜಿನ ಬಳಿ ಬಂದು, ಒಬ್ಬ ಪೂರೈಕೆದಾರನ 86,000 ರೂಪಾಯಿಯ ಬಿಲ್ಲಿಗೆ ಈ ವಾರ ಹಣ ಹಾಕಬೇಡಿ ಎಂದು ಹೇಳಿ ಹೋಗುತ್ತಾರೆ. ಮುಂದಿನ ಸೋಮವಾರ ಪೂರೈಕೆದಾರ ಮಾಲೀಕರಿಗೇ ಫೋನ್ ಮಾಡಿ ಗಲಾಟೆ ಮಾಡುತ್ತಾನೆ. ವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲರ ಮುಂದೆ ಪೇಮೆಂಟ್ ಯಾಕೆ ಹೋಗಿಲ್ಲ ಎಂದು ಕೇಳುತ್ತಾರೆ. ‘ನೀವೇ ತಡೆಯಲು ಹೇಳಿದ್ದಿರಲ್ಲ ಸರ್’ ಎಂದಾಗ ‘ನಾನು ಯಾವಾಗ ಹೇಳಿದೆ?’ ಎನ್ನುತ್ತಾರೆ. ಇಂಥದ್ದು ಇದು ಮೂರನೇ ಸಲ.

ಆ ಸಂಜೆ ಮನೆಗೆ ಹೋಗಿ ಹೆಚ್ಚಿನವರು ಬರೆಯುವ ಟಿಪ್ಪಣಿ ಹೀಗಿರುತ್ತದೆ: ‘ಇವತ್ತು ಮತ್ತೆ ಎಲ್ಲರ ಮುಂದೆ ನನ್ನ ಮಾನ ಕಳೆದರು. ಯಾವಾಗಲೂ ಹೀಗೇ. ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ. ನನ್ನನ್ನು ಕೆಲಸದಿಂದ ತೆಗೆಯಲು ಸಂಚು ನಡೆದಿದೆ.’ ನೋವು ಹಗುರಾಗಲು ಇದು ಸರಿ, ದಾಖಲೆಯಾಗಿ ಇದರಿಂದ ಪ್ರಯೋಜನವಿಲ್ಲ. ಇದರಲ್ಲಿ ಯಾರೂ ಪರಿಶೀಲಿಸಬಹುದಾದ ಒಂದು ಸಂಗತಿಯೂ ಇಲ್ಲ. ‘ಯಾವಾಗಲೂ’ ಎಂಬ ಪದವನ್ನು ಎದುರಾಳಿ ಒಂದೇ ಒಂದು ಒಳ್ಳೆಯ ದಿನ ತೋರಿಸಿ ಸುಳ್ಳು ಮಾಡಬಹುದು. ಸಂಚಿನ ಮಾತು ಊಹೆ, ಅದನ್ನು ಮುಂದಿಟ್ಟುಕೊಂಡು ‘ನೋಡಿ, ಇವರಿಗೆ ಎಲ್ಲದರಲ್ಲೂ ಅನುಮಾನ’ ಎನ್ನಬಹುದು. ಮನಸ್ಸು ಹಗುರ ಮಾಡಿಕೊಳ್ಳಲು ಬರೆಯುವುದಿದ್ದರೆ ಅದಕ್ಕೆ ಬೇರೆ ಪುಸ್ತಕ ಇರಲಿ.

ನಿಲ್ಲುವ ಟಿಪ್ಪಣಿ ಬೇರೆ ಥರ ಇರುತ್ತದೆ:

‘16 ಜೂನ್ 2025, ಸೋಮವಾರ. ಬರೆದದ್ದು ಇದೇ ದಿನ ಸಂಜೆ 6.50ಕ್ಕೆ, ಬಸ್ಸಿನಲ್ಲಿ. ಘಟನೆ ಬೆಳಿಗ್ಗೆ ಸುಮಾರು 10.15, ಒಂದನೇ ಮಹಡಿಯ ಮೀಟಿಂಗ್ ಕೋಣೆ. ಇದ್ದವರು: ಮ್ಯಾನೇಜರ್, ನಾನು, ಗೋದಾಮಿನ ಉಸ್ತುವಾರಿ, ಮಾರಾಟ ವಿಭಾಗದ ಇಬ್ಬರು. ಮ್ಯಾನೇಜರ್: “418ನೇ ಬಿಲ್ ಪೇಮೆಂಟ್ ಯಾಕೆ ಹೋಗಿಲ್ಲ?” ನಾನು: “ಹೋದ ಮಂಗಳವಾರ ನೀವೇ ತಡೆಯಲು ಹೇಳಿದ್ರಲ್ಲ ಸರ್.” ಮ್ಯಾನೇಜರ್: “ನಾನು ಯಾವಾಗ ಹೇಳಿದೆ? ನಿಮ್ಮ ತಲೆಯಲ್ಲಿ ಏನೇನೋ ಓಡ್ತಾ ಇರುತ್ತೆ. ಮೊದಲು ಡಾಕ್ಟರ್ ಹತ್ರ ತೋರಿಸ್ಕೊಳ್ಳಿ.” ಇಷ್ಟು ಮಾತು ನಿಖರ. ಆಮೇಲೆ ಇನ್ನೂ ಒಂದೆರಡು ಮಾತು ಹೇಳಿದರು, ಪದಗಳು ನೆನಪಿಲ್ಲ, ಕೆಲಸದ ಮೇಲೆ ಗಮನವಿಲ್ಲ ಎಂಬ ಅರ್ಥ. ಮಾರಾಟ ವಿಭಾಗದ ಒಬ್ಬರು ನಕ್ಕರು. ನಾನು ಸ್ವಲ್ಪ ಜೋರು ದನಿಯಲ್ಲಿ “ನೀವು ಹೇಳಿದ್ದು ನಿಜ” ಎಂದೆ. 10ನೇ ತಾರೀಕು ಮಂಗಳವಾರ ಅವರು ಹೇಳುವಾಗ ಪಕ್ಕದ ಮೇಜಿನವರು ಫೋನಿನಲ್ಲಿದ್ದರು, ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಅಂದು ಟ್ಯಾಲಿಯಲ್ಲಿ ಆ ಬಿಲ್ಲಿನ ಎದುರು “ತಡೆ” ಎಂದು ನಮೂದಿಸಿದ್ದೇನೆ. 10ರ ಆದೇಶವನ್ನು ಅಂದು ಬರೆದಿಟ್ಟಿರಲಿಲ್ಲ, ಇಂದು ನೆನಪಿನಿಂದ ಬರೆಯುತ್ತಿದ್ದೇನೆ.’

ಈ ಪುಟದಲ್ಲಿ ಬೈಗುಳವಿಲ್ಲ, ಮ್ಯಾನೇಜರ್ ಎಂಥವರೆಂಬ ತೀರ್ಪಿಲ್ಲ. ಮಾತುಗಳು ಆಡಿದ ಹಾಗೆಯೇ ಇವೆ. ‘ಅವಮಾನ ಮಾಡಿದರು’ ಎಂದು ಬರೆದಿದ್ದರೆ ಅದು ಅಭಿಪ್ರಾಯವಾಗುತ್ತಿತ್ತು. ‘ಡಾಕ್ಟರ್ ಹತ್ರ ತೋರಿಸ್ಕೊಳ್ಳಿ’ ಎಂಬ ಮಾತನ್ನು ಬರೆದಾಗ ಓದಿದವರೇ ಅವಮಾನವೆಂದು ತೀರ್ಮಾನಿಸುತ್ತಾರೆ. ನಿಖರವಾಗಿ ನೆನಪಿರುವುದು ಮತ್ತು ಸಾರವಷ್ಟೇ ನೆನಪಿರುವುದು ಬೇರೆ ಬೇರೆಯಾಗಿ ನಿಂತಿವೆ. ತನಗೆ ವಿರುದ್ಧವಾಗಬಹುದಾದ ಮೂರು ಸಂಗತಿಗಳೂ ಇವೆ: ತಾನು ದನಿ ಏರಿಸಿದ್ದು, ಪಕ್ಕದವರು ಕೇಳಿದರೆಂಬ ಖಾತರಿ ಇಲ್ಲದ್ದು, ಹಿಂದಿನ ಆದೇಶವನ್ನು ಅಂದೇ ಬರೆಯದಿದ್ದದ್ದು. ಮೊದಲ ಸಲ ಬರೆಯುವವರಿಗೆ ಇವನ್ನು ಬಿಟ್ಟುಬಿಡಬೇಕೆನಿಸುತ್ತದೆ. ಬಿಡಬಾರದು. ದನಿ ಏರಿಸಿದ್ದನ್ನು ಕೋಣೆಯಲ್ಲಿದ್ದ ನಾಲ್ವರೂ ನೋಡಿದ್ದಾರೆ. ಟಿಪ್ಪಣಿಯಲ್ಲಿ ಅದಿಲ್ಲದಿದ್ದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ತನ್ನ ವಿರುದ್ಧದ್ದನ್ನೂ ಅಂದೇ ಬರೆದಿಟ್ಟವರು ಕಥೆ ಕಟ್ಟುತ್ತಿದ್ದಾರೆಂದು ವಾದಿಸುವುದು ಕಷ್ಟ.

ಘಟನೆಯನ್ನು ಹೊರಗಿನ ಯಾವುದಾದರೂ ಗುರುತಿಗೆ ಕಟ್ಟಿಹಾಕಿರುವುದೂ ಈ ಪುಟದ ಬಲ. ಬಿಲ್ಲಿನ ಸಂಖ್ಯೆ, ಟ್ಯಾಲಿಯ ನಮೂದು, ಪೂರೈಕೆದಾರ ಮಾಲೀಕರಿಗೆ ಮಾಡಿದ ಫೋನ್ ಕರೆ, ಇವು ಟಿಪ್ಪಣಿ ಬರೆದವರ ಕೈಯಲ್ಲಿಲ್ಲದ ದಾಖಲೆಗಳು. ಸಾಕ್ಷಿಗಳಿಗೆ ಆಡಿದ ಮಾತು ತಿಂಗಳ ಮೇಲೆ ನೆನಪಿರುವುದಿಲ್ಲ. ಆದರೆ ‘ಗೋದಾಮಿಗೆ ಲಾರಿ ಬಂದ ದಿನ’, ‘ಕರೆಂಟ್ ಹೋಗಿದ್ದ ಹೊತ್ತು’ ಎಂದರೆ ಆ ದಿನ ನೆನಪಾಗುತ್ತದೆ, ಅದರ ಜೊತೆ ಮೀಟಿಂಗೂ ನೆನಪಾಗುತ್ತದೆ. ಅದಕ್ಕೇ ಅಂದಿನ ಒಂದು ಸಣ್ಣ, ಸಂಬಂಧವಿಲ್ಲದ ವಿವರವನ್ನು ಸೇರಿಸಿಡುವುದು ಒಳ್ಳೆಯದು.

ಯಾವಾಗ ಬರೆಯಬೇಕೆಂಬುದಕ್ಕೆ ಉತ್ತರ ಒಂದೇ: ಅದೇ ದಿನ. ರಾತ್ರಿ ಯಾರ ಜೊತೆಗಾದರೂ ಚರ್ಚಿಸುವ ಮೊದಲೇ ಬರೆದರೆ ಇನ್ನೂ ಒಳ್ಳೆಯದು, ಏಕೆಂದರೆ ಚರ್ಚೆಯಲ್ಲಿ ಬಂದ ಮಾತುಗಳು ನೆನಪಿಗೆ ಸೇರಿಬಿಡುತ್ತವೆ. ತಡವಾದರೆ ತಡವಾಯಿತೆಂದೇ ಬರೆಯಬೇಕು. ಹಿಂದಿನ ತಾರೀಕು ಹಾಕಿ ಬರೆದ ಒಂದೇ ಪುಟ ಸಿಕ್ಕಿಬಿದ್ದರೆ ಇಡೀ ಪುಸ್ತಕ ಮಣ್ಣುಪಾಲು. ಬಿಡಿ ಹಾಳೆಗಳಿಗಿಂತ ಹೊಲಿದ ನೋಟ್‌ಬುಕ್ ಲೇಸು. ಪುಟಸಂಖ್ಯೆ ಮೊದಲೇ ಹಾಕಿ, ನಡುವೆ ಖಾಲಿ ಪುಟ ಬಿಡದೆ ಪೆನ್ನಿನಲ್ಲಿ ಬರೆದರೆ ಆಮೇಲೆ ತೂರಿಸಿದ್ದೆಂಬ ಆರೋಪಕ್ಕೆ ಎಡೆ ಇರುವುದಿಲ್ಲ. ತಪ್ಪಾದರೆ ಬಿಳಿ ಶಾಯಿ ಬಳಿಯದೆ, ಹಳೆಯದು ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ತಾರೀಕಿನೊಂದಿಗೆ ಬರೆಯಬೇಕು. ‘ಇದನ್ನೆಲ್ಲ ದೂರು ಕೊಡುವ ಹಿಂದಿನ ರಾತ್ರಿ ಕೂತು ಬರೆದಿದ್ದಾರೆ’ ಎಂಬ ವಾದಕ್ಕೆ ಇನ್ನೂ ಗಟ್ಟಿ ಉತ್ತರ ಬೇಕೆಂದರೆ, ಬರೆದ ಪುಟದ ಫೋಟೊ ತೆಗೆದು ತನ್ನ ಖಾಸಗಿ ಇಮೇಲಿಗೆ ಅಂದೇ ಕಳಿಸಿಕೊಳ್ಳಬಹುದು. ಮೇಲ್ ತಲುಪಿದ ದಿನ, ಗಂಟೆ ಸೇವೆ ಒದಗಿಸುವ ಕಂಪನಿಯ ಕಡೆ ದಾಖಲಾಗಿರುತ್ತದೆ.

ಕಚೇರಿಯ ಕಂಪ್ಯೂಟರಿನಲ್ಲಿ, ಕಚೇರಿಯ ಮೇಲ್ ಖಾತೆಯಲ್ಲಿ ಮಾತ್ರ ಇಟ್ಟ ಟಿಪ್ಪಣಿ ಇದ್ದೂ ಇಲ್ಲದಂತೆ. ಕೆಲಸ ಹೋದ ದಿನವೇ ಆ ಖಾತೆ ಮುಚ್ಚಿಹೋಗುತ್ತದೆ. ಹಾಗೆಂದು ಸಂಸ್ಥೆಯ ಕಡತಗಳನ್ನು, ಗಿರಾಕಿಗಳ ವಿವರಗಳನ್ನು ಮನೆಗೆ ಸಾಗಿಸುವುದು ಇನ್ನೂ ದೊಡ್ಡ ತಪ್ಪು. ಗೋಪ್ಯತೆಯ ಷರತ್ತು ಮುರಿದರೆಂದು ದೂರುದಾರರ ಮೇಲೆಯೇ ಕ್ರಮ ಜರುಗಿಸಲು ಅದೇ ನೆಪವಾಗುತ್ತದೆ. ದಾಖಲೆ ಎಲ್ಲಿದೆ, ಅದರ ಸಂಖ್ಯೆ ಏನು ಎಂದು ಬರೆದಿಟ್ಟುಕೊಂಡರೆ ಸಾಕು. ವಿಚಾರಣೆ ಬಂದಾಗ ಸಮಿತಿಯೇ ಅದನ್ನು ತರಿಸಿಕೊಳ್ಳಲಿ.

ಟಿಪ್ಪಣಿ ಒಬ್ಬರ ಕಡೆಯ ದಾಖಲೆ. ಎರಡೂ ಕಡೆಯವರನ್ನು ಕಟ್ಟಿಹಾಕುವ ದಾಖಲೆ ಎಂದರೆ ಖಚಿತಪಡಿಸಿಕೊಳ್ಳುವ ಮೇಲ್. ಬಾಯಿಮಾತಿನ ಆದೇಶ ಬಂದ ಅರ್ಧ ಗಂಟೆಯೊಳಗೆ, ‘ಸರ್, ಈಗ ತಾವು ತಿಳಿಸಿದಂತೆ 418ನೇ ಬಿಲ್ಲಿನ ಪೇಮೆಂಟನ್ನು ಈ ವಾರ ತಡೆಹಿಡಿಯುತ್ತಿದ್ದೇನೆ. ಬದಲಾವಣೆ ಇದ್ದರೆ ದಯವಿಟ್ಟು ತಿಳಿಸಿ’ ಎಂದು ಎರಡು ಸಾಲು ಕಳಿಸಿದರೆ ಆಯಿತು. ಇದರಲ್ಲಿ ಆರೋಪವಿಲ್ಲ, ಕೆಲಸದ ಸಹಜ ಮಾತಿದೆ. ಮ್ಯಾನೇಜರ್ ಉತ್ತರಿಸಿದರೆ ಆದೇಶ ಲಿಖಿತವಾಯಿತು. ಸುಮ್ಮನಿದ್ದರೆ, ತಪ್ಪು ತಿಳಿದಿದ್ದರೆ ಅಂದೇ ತಿದ್ದಲು ಅವಕಾಶವಿತ್ತು, ತಿದ್ದಲಿಲ್ಲ ಎಂಬುದು ಉಳಿಯಿತು. ನಿಜವಾಗಿ ಮರೆಯುವ ಮೇಲಧಿಕಾರಿಗೆ ಇಂಥ ಮೇಲ್ ಉಪಕಾರವೇ. ‘ಇದನ್ನೆಲ್ಲ ಮೇಲ್ ಮಾಡಬೇಡಿ, ಬಾಯಲ್ಲಿ ಹೇಳಿದರೆ ಸಾಲದೇ?’ ಎಂದು ಸಿಡುಕುವವರೂ ಇರುತ್ತಾರೆ. ಆ ಸಿಡುಕನ್ನೂ ತಾರೀಕು, ಗಂಟೆ ಹಾಕಿ ಬರೆದಿಡಬೇಕು.

ಇನ್ನು ಸಂಖ್ಯೆಯ ವಿಷಯ. ಕಚೇರಿಗಳಲ್ಲಿ ಗುಂಪುಗೂಡಿ ಒಬ್ಬರನ್ನು ಕಾಡುವುದನ್ನು ಮೊದಲಿಗೆ ಕ್ರಮಬದ್ಧವಾಗಿ ಅಧ್ಯಯನ ಮಾಡಿದ ಸ್ವೀಡನ್ನಿನ ಹೈನ್ಸ್ ಲೇಮನ್, ವಾರಕ್ಕೊಮ್ಮೆಯಾದರೂ ಕನಿಷ್ಠ ಆರು ತಿಂಗಳು ನಡೆಯುವ ನಡವಳಿಕೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಆ ದೇಶ 1993ರಲ್ಲೇ ಕೆಲಸದ ಜಾಗದ ಕಿರುಕುಳದ ವಿರುದ್ಧ ನಿಯಮ ತಂದಿತು. ಈ ಅಳತೆ ಎಲ್ಲ ಕಡೆಯೂ ಕಾನೂನಲ್ಲ, ಆದರೆ ಅದರ ಹಿಂದಿನ ತರ್ಕ ಎಲ್ಲ ಕಡೆಯೂ ಅನ್ವಯಿಸುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಘಟನೆಯೂ ಚಿಲ್ಲರೆ. ‘ತಮಾಷೆಗೆ ಅಂದೆ’ ಎಂಬ ಮಾತು ಒಂದು ದಿನಕ್ಕೆ ನಿಲ್ಲುತ್ತದೆ, ಮೂರು ತಿಂಗಳಲ್ಲಿ ಹನ್ನೊಂದು ಸಲ ಅದೇ ವ್ಯಕ್ತಿಯ ಮೇಲೆ ಅದೇ ತಮಾಷೆ ನಡೆದಿದ್ದರೆ ನಿಲ್ಲುವುದಿಲ್ಲ. ನಮ್ಮ ಸಹಾಯಕಿ ಹತ್ತು ವಾರ ಬರೆದರೆಂದುಕೊಳ್ಳೋಣ. ಹದಿನಾಲ್ಕು ನಮೂದುಗಳಾಗಿವೆ. ಒಂಬತ್ತರಲ್ಲಿ ಬಾಯಿಮಾತಿನ ಆದೇಶವನ್ನು ಆಮೇಲೆ ನಿರಾಕರಿಸಲಾಗಿದೆ. ಮೂರು ಸಾಮಾನ್ಯ ಜಟಾಪಟಿ. ಉಳಿದ ಎರಡರಲ್ಲಿ ತಪ್ಪು ಸಹಾಯಕಿಯದೇ, ಹಳೆಯ ಮೇಲ್ ನೋಡಿದಾಗ ಗೊತ್ತಾಗಿದೆ, ಅದನ್ನೂ ಬರೆದಿದ್ದಾರೆ. ಆ ಒಂಬತ್ತನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮಾದರಿ ಕಾಣುತ್ತದೆ: ಪ್ರತಿ ಆದೇಶವೂ ಮೇಲ್ ಇಲ್ಲದ್ದು, ಪ್ರತಿ ನಿರಾಕರಣೆಯೂ ಇತರರ ಮುಂದೆ. ಖಚಿತಪಡಿಸಿಕೊಳ್ಳುವ ಮೇಲ್ ಕಳಿಸಲು ಶುರು ಮಾಡಿದ ಮೇಲೆ ಒಂದೂ ನಿರಾಕರಣೆ ಇಲ್ಲ. ನೆನಪಿನ ತೊಂದರೆ ಯಾರಿಗೂ ಇರಲಿಲ್ಲವೆಂದು ಈ ಕೊನೆಯ ಸಂಗತಿಯೇ ಹೇಳುತ್ತದೆ.

ಇಂಥ ಟಿಪ್ಪಣಿಗೆ ಭಾರತದ ಕಾನೂನಿನಲ್ಲಿ ಸ್ಥಾನವಿದೆ, ಮಿತಿಯೂ ಇದೆ. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 1 ಜುಲೈ 2024ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹಳೆಯ ತತ್ವಗಳನ್ನು ಉಳಿಸಿಕೊಂಡಿದೆ. ಘಟನೆ ನಡೆದಾಗಲೇ ಅಥವಾ ನೆನಪು ಹಸಿಯಾಗಿರುವಾಗಲೇ ತಾನು ಬರೆದದ್ದನ್ನು ನೋಡಿ ಸಾಕ್ಷಿಯೊಬ್ಬರು ನೆನಪನ್ನು ತಾಜಾ ಮಾಡಿಕೊಳ್ಳಬಹುದು. ಘಟನೆಯ ಆಸುಪಾಸಿನಲ್ಲೇ ಬೇರೊಬ್ಬರಿಗೆ ಹೇಳಿದ್ದರೆ, ಆ ಹೇಳಿಕೆ ಇಂದಿನ ಸಾಕ್ಷ್ಯಕ್ಕೆ ಬೆಂಬಲವಾಗಬಹುದು. ಸಂಜೆ ಅಕ್ಕನಿಗೋ ಗೆಳತಿಗೋ ಕಳಿಸಿದ ವಾಟ್ಸ್ಆ್ಯಪ್ ಸಂದೇಶಕ್ಕೆ ಬೆಲೆ ಬರುವುದು ಇದರಿಂದ. ಆದರೆ ಟಿಪ್ಪಣಿ ತಾನೇ ತಾನಾಗಿ ಘಟನೆಯನ್ನು ಸಾಬೀತು ಮಾಡುವುದಿಲ್ಲ. ಬರೆದವರು ಬಂದು ಹೇಳಬೇಕು, ಪಾಟೀಸವಾಲು ಎದುರಿಸಬೇಕು. ನೆನಪಿಗಾಗಿ ನೋಡಿದ ಬರಹವನ್ನು ಎದುರು ಪಕ್ಷ ಕೇಳಿದರೆ ತೋರಿಸಬೇಕು, ಅದರ ಮೇಲೆ ಪ್ರಶ್ನೆಗಳೂ ಬರುತ್ತವೆ. ಹೀಗಾಗಿ ಮ್ಯಾನೇಜರ್ ಪರ ವಕೀಲರು ಗಟ್ಟಿಯಾಗಿ ಓದಿದರೆ ಮುಜುಗರವಾಗುವ ಯಾವ ಸಾಲೂ ಅದರಲ್ಲಿ ಇರಬಾರದು. ಸಂಸ್ಥೆಯೊಳಗಿನ ವಿಚಾರಣೆಗಳು ನ್ಯಾಯಾಲಯದಷ್ಟು ಬಿಗಿಯಾಗಿರುವುದಿಲ್ಲ. ಅಲ್ಲಿ ಸಂಶಯಾತೀತ ಸಾಬೀತು ಬೇಡ, ಯಾರ ಮಾತು ನಡೆದಿರುವ ಸಂಭವ ಹೆಚ್ಚು ಎಂದು ತೂಗುತ್ತಾರೆ. ಒಂದು ಕಡೆ ತಾರೀಕು, ಗಂಟೆ, ಬಿಲ್ ಸಂಖ್ಯೆ, ಹಾಜರಿದ್ದವರ ಹೆಸರು. ಇನ್ನೊಂದು ಕಡೆ ‘ನನಗೆ ಹಾಗೆ ಹೇಳಿದ ನೆನಪಿಲ್ಲ’ ಎಂಬ ಮಾತು. ಹೀಗಿದ್ದಾಗ ತಕ್ಕಡಿ ಯಾವ ಕಡೆ ವಾಲೀತೆಂದು ಹೇಳುವುದು ಕಷ್ಟವಲ್ಲ.

ಕೆಲಸದ ಜಾಗದ ಸಾಮಾನ್ಯ ದಬ್ಬಾಳಿಕೆಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ, ಅಂಥ ದೂರು ಸಂಸ್ಥೆಯ ಸ್ವಂತ ನಿಯಮಗಳ ಅಡಿಯಲ್ಲೇ ಸಾಗಬೇಕು. ಕಿರುಕುಳ ಲೈಂಗಿಕ ಸ್ವರೂಪದ್ದಾಗಿದ್ದರೆ ಮಹಿಳೆಯರಿಗೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಬೇಕು, ಚಿಕ್ಕ ಸಂಸ್ಥೆಗಳವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರಿಗೆ ಅವಧಿ ಘಟನೆಯಿಂದ ಮೂರು ತಿಂಗಳು. ಸರಣಿ ಘಟನೆಗಳಾದರೆ ಕೊನೆಯದರಿಂದ ಲೆಕ್ಕ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ‘ನನ್ನದೇ ಭ್ರಮೆ ಇರಬಹುದು’ ಎಂದು ತಿಂಗಳುಗಟ್ಟಲೆ ತಳ್ಳಿದವರ ಅವಧಿ ಸದ್ದಿಲ್ಲದೆ ಮುಗಿದುಹೋಗುತ್ತದೆ. ತಾರೀಕು ಹಾಕಿದ ಪುಟಗಳು ಕೈಯಲ್ಲಿದ್ದರೆ ಎಷ್ಟು ದಿನ ಉಳಿದಿದೆ ಎಂಬುದಾದರೂ ಗೊತ್ತಿರುತ್ತದೆ.

ಮೊಬೈಲ್ ಸಂದೇಶಗಳ ವಿಷಯದಲ್ಲಿ ಜನ ಮಾಡುವ ಸಾಮಾನ್ಯ ತಪ್ಪು, ಸ್ಕ್ರೀನ್‌ಶಾಟ್ ತೆಗೆದು ಮೂಲ ಸಂದೇಶ ಅಳಿಸುವುದು ಅಥವಾ ಫೋನ್ ಬದಲಿಸುವುದು. ಸ್ಕ್ರೀನ್‌ಶಾಟನ್ನು ತಿದ್ದುವುದು ಸುಲಭವಾದ್ದರಿಂದ ಅದನ್ನು ಅಲ್ಲಗಳೆಯುವುದೂ ಸುಲಭ. ಮೂಲ ಸಂದೇಶ, ಮೂಲ ಫೋನ್ ಉಳಿದಿರಬೇಕು. ನ್ಯಾಯಾಲಯಕ್ಕೆ ವಿದ್ಯುನ್ಮಾನ ದಾಖಲೆಯ ಪ್ರತಿ ಕೊಡುವಾಗ ಅದು ಎಲ್ಲಿಂದ, ಹೇಗೆ ಬಂತೆಂಬ ಪ್ರಮಾಣಪತ್ರವೂ ಬೇಕಾಗುತ್ತದೆ. ಮಾತು ರೆಕಾರ್ಡ್ ಮಾಡಿಕೊಳ್ಳುವುದರ ಬಗ್ಗೆಯೂ ಹಲವರು ಕೇಳುತ್ತಾರೆ. ದನಿ ಯಾರದೆಂದು ಗುರುತಿಸಲು ಸಾಧ್ಯವಿದ್ದು, ತಿದ್ದಿಲ್ಲವೆಂದು ಖಚಿತವಾಗಿದ್ದು, ವಿಷಯಕ್ಕೆ ಸಂಬಂಧಿಸಿದ್ದರೆ ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 1972ರ ಮಲ್ಕಾನಿ ಪ್ರಕರಣದಲ್ಲಿ ಹೇಳಿದೆ. ಆದರೆ ಅನೇಕ ಸಂಸ್ಥೆಗಳ ನಿಯಮಗಳು ಕಚೇರಿಯೊಳಗೆ ರೆಕಾರ್ಡ್ ಮಾಡುವುದನ್ನು ನಿಷೇಧಿಸುತ್ತವೆ. ಸಾಕ್ಷ್ಯ ಒಪ್ಪಿತವಾಗಿಯೂ ಕೆಲಸ ಹೋಗಬಹುದು. ಇದಕ್ಕೆ ಕೈಹಾಕುವ ಮೊದಲು ವಕೀಲರನ್ನು ಕಾಣುವುದು ಕ್ಷೇಮ.

ಕಾಡುವವರು ಮನೆಯವರೇ ಆಗಿದ್ದರೆ ಲೆಕ್ಕ ಬೇರೆ. ಒಂದೇ ಸೂರಿನಡಿ ಇರುವವರ ಕೈಗೆ ನೋಟ್‌ಬುಕ್ ಸಿಕ್ಕರೆ ಹೊಡೆತ ಬೀಳಬಹುದು, ಜೀವಕ್ಕೇ ಅಪಾಯವಾಗಬಹುದು. ಅಲ್ಲಿ ಪುಸ್ತಕ ಮನೆಯಲ್ಲಿರಬಾರದು. ನಂಬಿಕೆಯ ಸಂಬಂಧಿಕರ ಬಳಿ ಹೇಳಿ ಅವರಿಂದ ಬರೆಸಿಡುವುದು, ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾರಣ ಸಮೇತ ದಾಖಲು ಮಾಡಿಸುವುದು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನೇಮಕವಾದ ಸಂರಕ್ಷಣಾ ಅಧಿಕಾರಿಯನ್ನು ಕಾಣುವುದು ಸುರಕ್ಷಿತ. ಮಾತಿನ ಹಿಂಸೆ, ಮಾನಸಿಕ ಹಿಂಸೆ ಎರಡೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.

ಬರೆಯುವವರಿಗೂ ಟಿಪ್ಪಣಿಯಿಂದ ಒಂದು ಅಪಾಯವಿದೆ. ದಿನವಿಡೀ ನೋಟ್‌ಬುಕ್ಕಿಗೆ ವಿಷಯ ಹುಡುಕುತ್ತ ಕೂತರೆ ಪ್ರತಿ ಕೆಮ್ಮೂ ಅವಮಾನವಾಗಿ ಕಾಣತೊಡಗುತ್ತದೆ, ರಾತ್ರಿ ಮತ್ತೆ ಮತ್ತೆ ಓದಿದರೆ ಗಾಯ ಕೆದಕಿದಂತಾಗುತ್ತದೆ. ನಡೆದ ದಿನ ಹದಿನೈದು ನಿಮಿಷ ಬರೆದು ಮುಚ್ಚಿಡಬೇಕು. ಏನೂ ನಡೆಯದ ದಿನ ಬರೆಯುವುದೇ ಬೇಡ. ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ ವೈದ್ಯರನ್ನು ಕಾಣಬೇಕು. ಅದು ಆರೋಗ್ಯಕ್ಕಾಗಿ. ಜೊತೆಗೆ ಆ ಚೀಟಿಯ ಮೇಲಿನ ತಾರೀಕು, ಪರಿಣಾಮ ಯಾವಾಗ ಶುರುವಾಯಿತೆಂಬುದಕ್ಕೂ ದಾಖಲೆಯಾಗುತ್ತದೆ.

ದೂರು ಕೊಡುವ ಹೊತ್ತಿಗೆ ಇಡೀ ಪುಸ್ತಕವನ್ನು ಸಮಿತಿಯ ಮುಂದೆ ಸುರಿದರೆ ಯಾರೂ ಓದುವುದಿಲ್ಲ. ಅದರಿಂದ ಎರಡು ಪುಟದ ತಾರೀಕು ಪಟ್ಟಿ ತೆಗೆಯಬೇಕು. ಅತಿ ಸ್ಪಷ್ಟವಾದ ಐದಾರು ಘಟನೆಗಳನ್ನು ಆರಿಸಿ, ಪ್ರತಿಯೊಂದಕ್ಕೂ ದಿನ, ಆಡಿದ ಮಾತು, ಇದ್ದವರು, ಬೆಂಬಲಿಸುವ ದಾಖಲೆ, ನೋಟ್‌ಬುಕ್ಕಿನ ಪುಟಸಂಖ್ಯೆ ಇಷ್ಟನ್ನು ನಮೂದಿಸಬೇಕು. ಸಾಕ್ಷಿ ಇಲ್ಲದ, ಪದಗಳು ನಿಖರವಾಗಿ ನೆನಪಿಲ್ಲದ ಘಟನೆಗಳು ಎಷ್ಟೇ ನೋವು ಕೊಟ್ಟಿದ್ದರೂ ಈ ಪಟ್ಟಿಯ ಮೊದಲಿಗೆ ಬರಬಾರದು. ಎದುರಿನವರು ಅವುಗಳಲ್ಲಿ ಒಂದನ್ನು ಕೆಡವಿ ಉಳಿದದ್ದೂ ಹೀಗೆಯೇ ಎನ್ನುತ್ತಾರೆ. ಪಟ್ಟಿಯೊಂದಿಗೆ ಪುಟಗಳ ನಕಲು ಪ್ರತಿ ಮಾತ್ರ ಕೊಟ್ಟು, ದೂರು ತಲುಪಿದ್ದಕ್ಕೆ ತಾರೀಕು ಸಮೇತ ಸ್ವೀಕೃತಿ ಪಡೆಯಬೇಕು. ಸಮಿತಿಯವರು ನೋಡಲು ಕೇಳಿದಾಗ ಮೂಲ ಪುಸ್ತಕವನ್ನು ಅವರ ಮುಂದೆಯೇ ತೆರೆದು ತೋರಿಸಿ ವಾಪಸು ತರಬೇಕು. 2013ರ ಕಾಯ್ದೆಯಡಿ ವಿಚಾರಣೆಗೆ 90 ದಿನಗಳ ಕಾಲಮಿತಿ ಇದೆ. ಸಮಿತಿಯ ಶಿಫಾರಸು ಬಂದ ಮೇಲೆ ಮೇಲ್ಮನವಿಗೂ ಎರಡೂ ಕಡೆಯವರಿಗೆ 90 ದಿನ. ತೀರ್ಮಾನ ತನ್ನ ಪರವಾಗಿ ಬಂದಿದ್ದರೂ ಆ ಅವಧಿ ಕಳೆದು, ಮೇಲ್ಮನವಿ ಇದ್ದರೆ ಅದೂ ಮುಗಿಯುವವರೆಗೆ ನೋಟ್‌ಬುಕ್ಕನ್ನೂ ಹಳೆಯ ಫೋನನ್ನೂ ಹಾಗೆಯೇ ಇಟ್ಟಿರಬೇಕು.